ಲೇಬಲ್ ಅಳಿಸಿದ ರೆಕಾರ್ಡ್: ನಂಬರೋ, ಆ್ಯಪೋ, ಹಿರಿಯರ ಕಿವಿಯೋ?

ಹುಬ್ಬಳ್ಳಿಯ ಅಜ್ಜನ ಮನೆಯಲ್ಲಿ ಸಿಕ್ಕ ಎಲ್‌ಪಿ, ಲೇಬಲ್ ಅಳಿಸಿಹೋಗಿದೆ, ಅದು ಯಾವ ರೆಕಾರ್ಡ್ ಎಂದು ತಿಳಿಯುವುದು ಹೇಗೆ ಎಂದು ಕೇಳಿದಿರಿ. ಹಾಗಿದ್ದರೆ ಮೊದಲು ತಟ್ಟೆಯ ಮೇಲೇ ಕೆತ್ತಿದ ನಂಬರ್ ಓದಿ. ಅದಕ್ಕೆ ಪ್ಲೇಯರ್ ಕೂಡ ಬೇಡ. ಕೊನೆಯ ಹಾಡಿಗೂ ಲೇಬಲ್‌ಗೂ ನಡುವಿನ ನುಣುಪು ಪಟ್ಟಿಯ ಮೇಲೆ ಟಾರ್ಚ್ ಓರೆಯಾಗಿ ಹಿಡಿದರೆ ಕೆತ್ತಿದ ಅಕ್ಷರಗಳು ಎದ್ದು ಕಾಣುತ್ತವೆ. ಎರಡೂ ಬದಿಯವನ್ನು ಬರೆದುಕೊಂಡು, ರೆಕಾರ್ಡ್‌ಗಳ ವಿವರ ಪಟ್ಟಿ ಮಾಡುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಹುಡುಕಿ.

ಚಿತ್ರಗೀತೆಯಾದರೆ, ಹಾಡು ಕೇಳಿಸಿಕೊಂಡು ಹೆಸರು ಹೇಳುವ ಶಜಾಮ್‌ನಂಥ ಆ್ಯಪ್ ಬೇಗ. ಆದರೆ ಅದು ಗುರುತಿಸುವುದು ಅದೇ ಧ್ವನಿಮುದ್ರಣವನ್ನು, ರಾಗವನ್ನಲ್ಲ. ತಟ್ಟೆ ತಪ್ಪು ವೇಗದಲ್ಲಿ ತಿರುಗಿದರೂ ಸೋಲುತ್ತದೆ.

ಹಿಂದೂಸ್ತಾನಿ ಖಯಾಲ್ ಗಾಯನ ಇದ್ದರೆ ಧಾರವಾಡದ ಹಳೆಯ ಕೇಳುಗರೊಬ್ಬರಿಗೆ ಎರಡು ನಿಮಿಷ ಕೇಳಿಸಿ. ರಾಗ, ಘರಾಣೆ, ಎಷ್ಟೋ ಸಲ ಗಾಯಕರನ್ನೂ ಹೇಳುತ್ತಾರೆ. ಯಾವ ಮುದ್ರಣ ಎಂಬುದಕ್ಕೆ ಮಾತ್ರ ನಂಬರೇ ಬೇಕು. ಕ್ಯಾಸೆಟ್‌ನಲ್ಲಿ ಆ ಕೆತ್ತನೆಯೇ ಇಲ್ಲ, ಅಲ್ಲಿ ನಾನಂತೂ ಕಿವಿಯನ್ನೇ ನಂಬುತ್ತೇನೆ.