ವೆಲ್ಡಿಂಗ್ ರಾಡು ಅಂಟಿದಾಗ ಯಾವ ಟ್ರಾನ್ಸ್‌ಫಾರ್ಮರ್ ತಡೆಯುತ್ತೆ? ಮೂರು ರೀತಿ ಮಾಡಿ ನೋಡಿದೆ

ಗಂಗಾವತಿಯಲ್ಲಿ ನಮ್ಮದು ರೈಸ್ ಮಿಲ್ ರಿಪೇರಿ ಕೆಲಸ. ಹಳೆಯ ಕೋರ್ ಒಂದು ಸಿಕ್ಕಿತ್ತು. ಎರಡು ಫೇಸ್ 415 ವೋಲ್ಟ್ ಕೊಟ್ಟರೆ 70 ವೋಲ್ಟ್ ಬರುವ ಹಾಗೆ ಸುತ್ತಿಸಿದೆ. 3.15 ಎಂಎಂ ರಾಡಿಗೆ 100 ಆಂಪಿಯರ್ ಬೇಕು, ಆರ್ಕ್ ಹತ್ತಿದ ಮೇಲೆ ಅದಕ್ಕೆ 24 ವೋಲ್ಟ್ ಸಾಕು.

ಮೊದಲು ಪ್ರೈಮರಿ ಮೇಲೇ ಸೆಕೆಂಡರಿ ಸುತ್ತಿಸಿದ್ದೆ, ಮಾಮೂಲಿ ಟ್ರಾನ್ಸ್‌ಫಾರ್ಮರ್ ತರಹ. ರಾಡು ತಾಗಿಸಿದ ತಕ್ಷಣ ಅಂಟಿಕೊಂಡಿತು, ಫ್ಯೂಸ್ ಢಂ ಅಂತು. ಇಂಥದ್ದರಲ್ಲಿ ಇಂಪೀಡೆನ್ಸ್ 5% ಇದ್ದರೆ ಲೆಕ್ಕಕ್ಕೆ 2000 ಆಂಪಿಯರ್ ಎಳೆಯಬಹುದು. ಕೇಬಲ್ಲು, ಲೈನು ಒಂದಿಷ್ಟು ತಡೆದರೂ ಫ್ಯೂಸ್ ಉಳಿಯಲ್ಲ.

ಆಮೇಲೆ ಅದಕ್ಕೇ ಸರಣಿಯಲ್ಲಿ ನೈಕ್ರೋಮ್ ಸುರುಳಿ ಹಾಕಿದೆ. 46 ವೋಲ್ಟ್ ಅದರಲ್ಲೇ ಇಳಿಯಬೇಕು, ಅಂದರೆ 0.46 ಓಮ್. ರಾಡು ಅಂಟಿದರೆ 152 ಆಂಪಿಯರ್, ಪರವಾಗಿಲ್ಲ. ಆದರೆ ಬೆಸುಗೆ ಹಾಕುವಷ್ಟು ಹೊತ್ತೂ 4600 ವ್ಯಾಟ್ ಸುಮ್ನೆ ಶಾಖ ಆಗುತ್ತೆ, ಎರಡು ಗೀಸರ್ ಉರಿಸಿದ್ದಕ್ಕಿಂತ ಜಾಸ್ತಿ. ಮೇಲಾಗಿ ಆರ್ಕ್ ಪಟಪಟ ಅಂತ ಆರಿ ಹೋಗುತ್ತಿತ್ತು. ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಇಲ್ಲಿ ಅದೇ ಹೊತ್ತಿಗೆ ವೋಲ್ಟೇಜೂ ಸೊನ್ನೆ. ಮತ್ತೆ ಹತ್ತಿಸೋಕೆ ಏನೂ ಉಳಿಯಲ್ಲ.

ಮೂರನೆಯ ಸಲ ಸುತ್ತು ಅಷ್ಟೇ ಇಟ್ಟು ಜಾಗ ಮಾತ್ರ ಬದಲಿಸಿದೆ. ಪ್ರೈಮರಿ ಒಂದು ಕಾಲಿಗೆ, ಸೆಕೆಂಡರಿ ಇನ್ನೊಂದು ಕಾಲಿಗೆ, ನಡುವೆ ಹ್ಯಾಂಡಲ್ ತಿರುಗಿಸಿದರೆ ಒಳಗೆ ಹೊರಗೆ ಸರಿಯುವ, ಕಬ್ಬಿಣದ ಪಟ್ಟಿ ಜೋಡಿಸಿದ ಶಂಟ್. ಪ್ರೈಮರಿಯ ಫ್ಲಕ್ಸ್‌ನಲ್ಲಿ ಒಂದಿಷ್ಟು ಸೆಕೆಂಡರಿ ತನಕ ಹೋಗದೆ ಈ ಶಂಟ್ ಹಿಡಿದು ವಾಪಸ್ ಬರುತ್ತೆ, ಅದೇ ಲೀಕೇಜ್ ಫ್ಲಕ್ಸ್. ಲೋಡ್ ಇಲ್ಲದಾಗ ಇದು ಕಡಿಮೆ, ಹಾಗಾಗಿ ಆರ್ಕ್ ಹತ್ತಿಸೋಕೆ ಹೆಚ್ಚುಕಡಿಮೆ 70 ವೋಲ್ಟೂ ಸಿಗುತ್ತೆ. ಕರೆಂಟ್ ಏರಿದ ಹಾಗೆ ಲೀಕೇಜೂ ಏರಿ ವೋಲ್ಟೇಜನ್ನು ತಿನ್ನುತ್ತೆ.

ಲೀಕೇಜ್ ತಿನ್ನುವ ಈ ವೋಲ್ಟೇಜ್ ಎಷ್ಟು ಅಂತ ನೋಡೋಕೆ ನೇರವಾಗಿ ಕಳೆಯೋ ಹಾಗಿಲ್ಲ, ವರ್ಗ ಮಾಡಿ ಕಳೆಯಬೇಕು. X ಅಂದರೆ ಲೀಕೇಜಿನಿಂದ ಬರುವ ತಡೆ:

```
√(70² − 24²) ≈ 66 V
X = 66 / 100 = 0.66 Ω
70 / 0.66 ≈ 106 A
```

ಕೊನೆಯ ಸಾಲು ನೋಡಿ. ರಾಡು ಪೂರ್ತಿ ಅಂಟಿದರೂ 106 ಆಂಪಿಯರ್ ಅಷ್ಟೇ! ಕೈ ನಡುಗಿ ಆರ್ಕ್ ಉದ್ದವಾಗಿ 30 ವೋಲ್ಟ್ ಆದರೂ ಸುಮಾರು 96. ಟಾಂಗ್ ಟೆಸ್ಟರ್ ಹಾಕಿದಾಗ ಮುಳ್ಳು ಇಷ್ಟರಲ್ಲೇ ಅತ್ತಿತ್ತ ಆಡಿತು, ನನಗಂತೂ ತುಂಬಾ ಖುಷಿಯಾಯಿತು. ಕರೆಂಟ್ ಸೊನ್ನೆಗೆ ಬಂದ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ಸುಮಾರು 90 ವೋಲ್ಟ್ ಒತ್ತುತ್ತಿರುತ್ತೆ, ಅದಕ್ಕೇ ಆರ್ಕ್ ಆರಲ್ಲ.

ಶಂಟ್ ಒಳಗೆ ತಳ್ಳಿದರೆ ಕರೆಂಟ್ ಇಳಿಯುತ್ತೆ, ಹೊರಗೆ ಎಳೆದರೆ ಏರುತ್ತೆ. ಹೊಸ ಹುಡುಗರು ಇದನ್ನು ಉಲ್ಟಾ ತಿಳಿಯುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ಪವರ್ ಫ್ಯಾಕ್ಟರ್ 0.34ರ ಹತ್ತಿರ, ಅಂದರೆ ಆರ್ಕಿಗೆ 2.4 ಕಿಲೋವ್ಯಾಟ್ ಕೊಡೋಕೆ ಲೈನಿನಿಂದ 7 ಕೆವಿಎ ಎಳೆಯುತ್ತೆ. ಲೀಕೇಜ್ ಫ್ಲಕ್ಸ್ ಹತ್ತಿರದ ಕಬ್ಬಿಣದ ಬೋಲ್ಟು, ತಗಡನ್ನೂ ಕಾಯಿಸುತ್ತೆ. ಶಂಟ್‌ನ ಹಿಡಿತ ಸಡಿಲವಾದರೆ ಗುಂಯ್‌ಗುಟ್ಟುವ ಸದ್ದು ಜೋರಾಗಿ, ಇಟ್ಟ ಆಂಪಿಯರ್ ತಾನಾಗೇ ಜಾರುತ್ತೆ. ನನ್ನದರಲ್ಲಿ ಎರಡು ಬೋಲ್ಟ್ ಬಿಗಿ ಮಾಡಿದ ಮೇಲೆ ಸದ್ದು ಇಳಿಯಿತು.