ಆರು ಕಂತಿನ ಒಂದು ಬರಹ, ಕಳಿಸುವ ಮೂರು ದಾರಿ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮನೆಯಲ್ಲೇ ತಯಾರಿಸುವ ಕ್ರಮವನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಸ್ಟೊಡಾನ್‌ನಲ್ಲಿ ಬರೆಯುತ್ತೇನೆ. ಬರಹ ಸುಮಾರು 2,500 ಅಕ್ಷರಗಳಷ್ಟಿದೆ. ಅಲ್ಲಿನ ಬಹುತೇಕ ಸರ್ವರ್‌ಗಳಲ್ಲಿ ಒಂದು ಪೋಸ್ಟಿಗೆ 500 ಅಕ್ಷರಗಳ ಮಿತಿ ಇರುವುದರಿಂದ ಅದನ್ನು (1/6) ರಿಂದ (6/6) ರವರೆಗೆ ಸಂಖ್ಯೆ ಹಾಕಿ ಆರು ಕಂತುಗಳಾಗಿ ಒಡೆಯುತ್ತೇನೆ. ಇದೇ ಬರಹವನ್ನು ಮೂರು ಮಳೆಗಾಲಗಳಲ್ಲಿ ಮೂರು ವಿಧಾನಗಳಿಂದ ಕಳಿಸಿ ನೋಡಿದ್ದೇನೆ. ಇಲ್ಲಿ ಕಂತುಗಳ ಕ್ರಮ ತಪ್ಪುವಂತಿಲ್ಲ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸುವುದು ಮೂರನೆಯ ಕಂತು, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕದಡಿ ಸೋಸುವುದು ನಾಲ್ಕನೆಯದು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕುವುದು ಐದನೆಯದು. ನಾಲ್ಕನ್ನು ಬಿಟ್ಟು ಐದನ್ನು ಓದಿದವರು ದ್ರಾವಣವನ್ನು ಕೆಡಿಸಿಕೊಳ್ಳುತ್ತಾರೆ.

ವಿಧಾನ ಯಾವುದೇ ಆದರೂ ಒಡೆಯುವ ಕೆಲಸ ಮೊದಲು ಆಗಬೇಕು, ಅದರಲ್ಲಿ ಕನ್ನಡದ್ದೇ ಆದ ತೊಡಕೊಂದಿದೆ. ಮೊದಲ ವರ್ಷ ಪೈಥಾನ್‌ನ `len` ಬಳಸಿ ಉದ್ದವನ್ನು ಅಳೆದೆ. ಅದು ಯೂನಿಕೋಡ್ ಸಂಕೇತಗಳನ್ನು ಒಂದೊಂದಾಗಿ ಎಣಿಸುವುದರಿಂದ ‘ಕ್ಷಿ’ ಎಂಬುದು ಅದಕ್ಕೆ ನಾಲ್ಕು, ‘ಸ್ತ್ರೀ’ ಆರು. ಮಾಸ್ಟೊಡಾನ್ ಹಾಗೆ ಎಣಿಸುವುದಿಲ್ಲ. ಅದರ ಲೆಕ್ಕದಲ್ಲಿ ‘ಕ್’ ಒಂದು, ‘ಷಿ’ ಇನ್ನೊಂದು, ಒಟ್ಟು ಎರಡೇ. ಹೀಗಾಗಿ ಆರು ಕಂತುಗಳಲ್ಲಿ ಮುಗಿಯಬೇಕಾದ ಬರಹ ಹತ್ತು ಕಂತುಗಳಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಕಡೆ ಕತ್ತರಿ ‘ತಾಮ್ರದ’ ಎಂಬ ಪದದ ನಡುವೆ ಬಿದ್ದು, ಒಂದು ಕಂತು ‘ತಾಮ್’ ಎಂದು ಮುಗಿದು ಮುಂದಿನದು ‘ರದ’ ಎಂದು ಶುರುವಾಯಿತು. ಅಂದಿನಿಂದ ಕಂತುಗಳನ್ನು ವಾಕ್ಯ ಮುಗಿಯುವಲ್ಲಿ ನಾನೇ ಕೈಯಾರೆ ಒಡೆಯುತ್ತೇನೆ ಮತ್ತು ಮಾಸ್ಟೊಡಾನ್‌ನ ಬರೆಯುವ ಪೆಟ್ಟಿಗೆಯಲ್ಲಿ ಅಂಟಿಸಿ, ಮೂಲೆಯಲ್ಲಿ ಉಳಿದ ಅಕ್ಷರಗಳ ಸಂಖ್ಯೆಯನ್ನು ನೋಡಿಕೊಳ್ಳುತ್ತೇನೆ. ಕಂತಿನ ಸಂಖ್ಯೆಗೂ ನಂತರದ ಸಣ್ಣ ತಿದ್ದುಪಡಿಗೂ ಜಾಗ ಉಳಿಯಲೆಂದು 450ಕ್ಕೆ ನಿಲ್ಲಿಸುತ್ತೇನೆ.

ಮೊದಲ ವಿಧಾನ ಎಲ್ಲವನ್ನೂ ಒಂದೇ ಬಾರಿಗೆ ಕೈಯಿಂದ ಹಾಕುವುದು. ಪ್ರತಿ ಕಂತನ್ನೂ ಹಿಂದಿನ ಕಂತಿಗೆ ಉತ್ತರವಾಗಿ ಬರೆದರೆ ಸರಪಳಿ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಮತ್ತು ಇದರಲ್ಲಿ ಕೆಡುವಂಥದ್ದು ಏನೂ ಇಲ್ಲ. ಆದರೆ ಎಲ್ಲ ಕಂತುಗಳೂ ಕೆಲವೇ ನಿಮಿಷಗಳಲ್ಲಿ ಸಾಲಾಗಿ ಬಂದು, ನನ್ನನ್ನು ಅನುಸರಿಸುವವರ ಪರದೆಯನ್ನು ತುಂಬಿದವು. ಆ ಹೊತ್ತಿಗೆ ಪರದೆಯ ಮುಂದೆ ಇಲ್ಲದವರಿಗೆ ಸರಣಿ ಕಾಣಿಸಲೇ ಇಲ್ಲ. ಮೊದಲ ಕಂತನ್ನು ಮಾತ್ರ ಸಾರ್ವಜನಿಕವಾಗಿಟ್ಟು ಉಳಿದವನ್ನು ‘ಅನ್‌ಲಿಸ್ಟೆಡ್’ ಮಾಡಿದರೆ ಸರ್ವರಿನ ಸಾರ್ವಜನಿಕ ಸಾಲಿಗೆ ಹೊರೆಯಾಗುವುದಿಲ್ಲ, ಆದರೆ ಅನುಸರಿಸುವವರಿಗೆ ಆರೂ ಕಾಣುತ್ತವೆ.

ಎರಡನೆಯ ವಿಧಾನ ಸರ್ವರಿಗೇ ಶೆಡ್ಯೂಲ್ ಮಾಡಲು ಒಪ್ಪಿಸುವುದು. ಮಾಸ್ಟೊಡಾನ್‌ನ ಎಪಿಐಯಲ್ಲಿ `scheduled_at` ಎಂಬ ಸೌಲಭ್ಯವಿದೆ. ಟಸ್ಕಿಯಂಥ ಆ್ಯಪ್‌ಗಳಲ್ಲಿ ಇದನ್ನು ಗಡಿಯಾರದ ಗುರುತಿನಿಂದ ಬಳಸಬಹುದು. ಸಮಯ ಕನಿಷ್ಠ ಐದು ನಿಮಿಷ ಮುಂದಿರಬೇಕು. ಫೋನ್ ಆರಿಸಿದ್ದರೂ ಪೋಸ್ಟ್ ಹೊರಡುವುದರಿಂದ ಇದೇ ಸರಿಯಾದ ದಾರಿ ಎಂದು ನಂಬಿದ್ದೆ. ಆದರೆ ಒಂದು ಪೋಸ್ಟ್ ಇನ್ನೊಂದಕ್ಕೆ ಉತ್ತರವಾಗಬೇಕಾದರೆ ಹಿಂದಿನ ಪೋಸ್ಟಿನ ಗುರುತು ಸಂಖ್ಯೆ ಬೇಕು, ಮತ್ತು ಶೆಡ್ಯೂಲ್ ಆದ ಪೋಸ್ಟಿಗೆ ಅದು ಪ್ರಕಟವಾಗುವವರೆಗೆ ಆ ಸಂಖ್ಯೆಯೇ ಇರುವುದಿಲ್ಲ. ಸರ್ವರ್ ಆಗ ಕೊಡುವುದು ಶೆಡ್ಯೂಲಿನ ಸಂಖ್ಯೆಯನ್ನು ಮಾತ್ರ. ಹಾಗಾಗಿ ಮೂರನೆಯ ಕಂತನ್ನು, ಇನ್ನೂ ಹುಟ್ಟದ ಎರಡನೆಯ ಕಂತಿಗೆ ಜೋಡಿಸಲು ಬರುವುದಿಲ್ಲ.

ಇದಕ್ಕೆ ಉಪಾಯವೆಂದು ಮೊದಲ ಕಂತನ್ನು ಆಗಲೇ ಪ್ರಕಟಿಸಿ, ಉಳಿದ ಐದನ್ನೂ ಆ ಮೊದಲ ಕಂತಿಗೇ ಉತ್ತರವಾಗಿ ಹನ್ನೆರಡು ಗಂಟೆಗಳ ಅಂತರದಲ್ಲಿ ಶೆಡ್ಯೂಲ್ ಮಾಡಿದೆ. ಮೊದಲ ಕಂತನ್ನು ತೆರೆದರೆ ಐದೂ ಕೆಳಗೆ ಕಾಣುತ್ತಿದ್ದವು, ಎಲ್ಲವೂ ಸರಿಯಾಗಿದೆ ಎಂದುಕೊಂಡೆ. ಆಮೇಲೆ ಓದುಗರೊಬ್ಬರು ಐದನೆಯ ಕಂತನ್ನು ಬೂಸ್ಟ್ ಮಾಡಿದರು. ಅದನ್ನು ತೆರೆದವರಿಗೆ ಮೇಲೆ ಕಾಣಿಸಿದ್ದು (1/6) ಮಾತ್ರ, ಅದರ ಕೆಳಗೆ ನೇರವಾಗಿ (5/6). ಮಾಸ್ಟೊಡಾನ್ ಒಂದು ಪೋಸ್ಟಿನ ಮೇಲೆ ತೋರಿಸುವುದು ಅದು ಯಾವುದಕ್ಕೆ ಉತ್ತರವೋ ಆ ಸಾಲನ್ನಷ್ಟೇ. ಒಡಹುಟ್ಟಿದ ಉತ್ತರಗಳು ಅಲ್ಲಿ ಬರುವುದಿಲ್ಲ. ಮೈಲುತುತ್ತವೂ ಸುಣ್ಣವೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಬೇಕು, ಪಾತ್ರೆ ಲೋಹದ್ದಾಗಿರಬಾರದು ಎಂಬ ಮಾತುಗಳೆಲ್ಲ ನಡುವಿನ ಕಂತುಗಳಲ್ಲೇ ಉಳಿದುಹೋದವು. ನಿಮ್ಮ ಸರಣಿ ಹೀಗೆ ಕವಲೊಡೆದಿದೆಯೇ ಎಂದು ತಿಳಿಯಲು ಕೊನೆಯ ಕಂತನ್ನು ತೆರೆದು ಮೇಲಕ್ಕೆ ಓದಬೇಕು. ಮೊದಲ ಕಂತನ್ನು ತೆರೆದರೆ ಈ ದೋಷ ಗೊತ್ತಾಗುವುದಿಲ್ಲ.

ಮೂರನೆಯ ವಿಧಾನದಲ್ಲಿ ಕಾಯುವ ಕೆಲಸ ನನ್ನ ಮನೆಯ ಹಳೆಯ ಲ್ಯಾಪ್‌ಟಾಪಿನದು. ಮೊದಲ ಕಂತನ್ನು ಕೈಯಿಂದ ಹಾಕಿ, ಅದರ ವಿಳಾಸದ ಕೊನೆಯಲ್ಲಿರುವ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುತ್ತೇನೆ. ನಿಗದಿತ ಹೊತ್ತಿಗೆ `cron` ಒಂದು ಸಣ್ಣ ಸ್ಕ್ರಿಪ್ಟನ್ನು ಓಡಿಸುತ್ತದೆ. ಅದು ಮುಂದಿನ ಕಂತನ್ನು ಕಳಿಸಿ, ಸರ್ವರ್ ಕೊಟ್ಟ ಹೊಸ ಸಂಖ್ಯೆಯನ್ನು ಅದೇ ಕಡತದಲ್ಲಿ ಬರೆದು ನಿಲ್ಲುತ್ತದೆ. ಕಳಿಸುವ ಭಾಗ ಇಷ್ಟೇ. ಇದರಲ್ಲಿ `$HOST` ಸರ್ವರಿನ ವಿಳಾಸ, `$TOKEN` ನನ್ನ ಖಾತೆಯ ಗುಪ್ತ ಕೀಲಿ, `$N` ಕಂತಿನ ಸಂಖ್ಯೆ, `$LAST` ಕಡತದಲ್ಲಿ ಬರೆದಿಟ್ಟ ಹಿಂದಿನ ಕಂತಿನ ಗುರುತು ಸಂಖ್ಯೆ:

```
curl -X POST "https://$HOST/api/v1/statuses" \
  -H "Authorization: Bearer $TOKEN" \
  -H "Idempotency-Key: bordo-$N" \
  -d "in_reply_to_id=$LAST" \
  -d "visibility=unlisted" -d "language=kn" \
  --data-urlencode "status@$N.txt"
```

ಇಲ್ಲಿನ `Idempotency-Key` ಸಾಲನ್ನು ಬಿಡಬಾರದು. ಮಳೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ನೆಟ್‌ವರ್ಕ್ ಹೋಗಿ ಬರುತ್ತಿರುತ್ತದೆ. ಪೋಸ್ಟ್ ಸರ್ವರಿಗೆ ತಲುಪಿದ್ದರೂ ಅದರ ಉತ್ತರ ನಮಗೆ ಬಾರದೆ ಹೋಗಬಹುದು. ಒಂದು ಗಂಟೆಯೊಳಗೆ ಅದೇ ಕೀಲಿಯೊಂದಿಗೆ ಮತ್ತೆ ಕಳಿಸಿದರೆ ಸರ್ವರ್ ಎರಡನೆಯ ಪ್ರತಿಯನ್ನು ಹಾಕದೆ ಮೊದಲಿನದನ್ನೇ ಹಿಂದಿರುಗಿಸುತ್ತದೆ. ಈ ವಿಧಾನದ ಕೊರತೆಯೆಂದರೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿದ್ದರೆ ಆ ಹೊತ್ತಿನ ಕಂತು ಹೊರಡುವುದಿಲ್ಲ. ಆದರೂ ಮುಂದಿನ ಬಾರಿ ಹೊರಡುವುದು ತಪ್ಪಿಹೋದ ಅದೇ ಕಂತಾದ್ದರಿಂದ ಸರಣಿ ತಡವಾದೀತೇ ಹೊರತು ಕ್ರಮ ತಪ್ಪುವುದಿಲ್ಲ. ಇದಕ್ಕಾಗಿ ಕಂತುಗಳಿಗಿಂತ ಎರಡು ಮೂರು ಬಾರಿ ಹೆಚ್ಚಾಗಿಯೇ ಸ್ಕ್ರಿಪ್ಟ್ ಓಡುವಂತೆ ಇಟ್ಟಿದ್ದೇನೆ.

ಅಂತರದ ಬಗ್ಗೆಯೂ ನನ್ನ ಅಭಿಪ್ರಾಯ ಬದಲಾಯಿತು. ಎರಡನೆಯ ವರ್ಷದ ಸಮ ಅಂತರದಿಂದ ಮೈಲುತುತ್ತದ ಅಳತೆ ಬೆಳಿಗ್ಗೆ ಬಂದು ಸುಣ್ಣದ ಅಳತೆ ರಾತ್ರಿ ಬಂತು. ನಡುವೆ ಒಬ್ಬರು ‘ಸುಣ್ಣ ಎಷ್ಟು ಹಾಕಬೇಕು ಸರ್?’ ಎಂದು ಕೇಳಿದರು. ದ್ರಾವಣವನ್ನು ಮಾಡಿದ ದಿನವೇ ಸಿಂಪಡಿಸಬೇಕಾದ್ದರಿಂದ ಅವರು ಕಾಯುವಂತಿರಲಿಲ್ಲ. ಈಗ ಯಾವಾಗ, ಏಕೆ ಎಂಬ ಮೊದಲೆರಡು ಕಂತುಗಳು ಶುಕ್ರವಾರ ಸಂಜೆ ಹೊರಡುತ್ತವೆ. ತಯಾರಿಯ ಮೂರು ಕಂತುಗಳು ಶನಿವಾರ ಬೆಳಿಗ್ಗೆ ಹತ್ತು ಹತ್ತು ನಿಮಿಷಗಳ ಅಂತರದಲ್ಲಿ ಒಟ್ಟಿಗೆ ಬರುತ್ತವೆ. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ, ಅದರ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂಬ ಪರೀಕ್ಷೆಯೂ ಐದನೆಯ ಕಂತಿನಲ್ಲೇ ಇದೆ. ಸಿಂಪರಣೆಯ ಆರನೆಯ ಕಂತು ಅದಾದ ಒಂದು ಗಂಟೆಗೆ ಹೊರಡುತ್ತದೆ.

ಒಟ್ಟು ಸರಣಿ ಒಂದು ಗಂಟೆಯೊಳಗೆ ಮುಗಿಯುವಂತಿದ್ದರೆ ನಾನು ಮೊದಲ ವಿಧಾನವನ್ನೇ ಹೇಳುತ್ತೇನೆ, ಸ್ಕ್ರಿಪ್ಟಿನ ಶ್ರಮ ಬೇಡ. ಸರ್ವರಿನ ಶೆಡ್ಯೂಲ್ ಬಿಡಿ ಪೋಸ್ಟುಗಳಿಗೆ ಒಳ್ಳೆಯದು, ಸರಣಿಗೆ ಅಲ್ಲ. ದಿನಗಳ ಅಂತರ ಬೇಕಿದ್ದರೆ ಮೂರನೆಯದೇ ಸರಿ, ಆದರೆ ಅದರಲ್ಲಿ ಒಂದು ಕಾವಲು ಇರಬೇಕು. ಕೊನೆಯ ಗಳಿಗೆಯಲ್ಲಿ ಐದನೆಯ ಕಂತಿಗೆ ಎರಡು ಸಾಲು ಸೇರಿಸಿ ಮತ್ತೆ ಎಣಿಸದೆ ಬಿಟ್ಟಿದ್ದೆ. ಅದು 500 ದಾಟಿದ್ದರಿಂದ ಸರ್ವರ್ 422 ಎಂದು ತಿರಸ್ಕರಿಸಿತು, ಸ್ಕ್ರಿಪ್ಟ್ ಅದನ್ನು ಗಮನಿಸದೆ ಎಣಿಕೆಯನ್ನು ಮುಂದೂಡಿ, (4/6) ರ ಹಿಂದೆಯೇ (6/6) ಅನ್ನು ಕಳಿಸಿತು. ಈಗ ಸರ್ವರಿನ ಉತ್ತರದಲ್ಲಿ `id` ಸಿಕ್ಕಿದರೆ ಮಾತ್ರ ಎಣಿಕೆ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ನನಗೆ ಮೇಲ್ ಕಳಿಸುತ್ತದೆ.