ಕಾಲೇಜಿನ ಹತ್ತಿರದ ಪಿಜಿ: ಎರಡು ವರ್ಷ ಬಳಸಿದ ಮೇಲಿನ ವಿಮರ್ಶೆ

ರೇಟಿಂಗ್: 5ರಲ್ಲಿ 3. ಒಂದು ಅಂಕ ಹೋದದ್ದು ಅಡ್ವಾನ್ಸ್ ವಾಪಸ್ ಕೊಡುವ ರೀತಿಗೆ, ಇನ್ನೊಂದು ನೀರು ಮತ್ತು ಕರೆಂಟಿಗೆ. ಕ್ಯಾಂಪಸ್‌ಗೆ ನಡೆದು ಹೋಗುವ ದೂರದಲ್ಲಿ ಮೂರು ಜನಕ್ಕೊಂದು ರೂಮ್, ಎರಡು ಹೊತ್ತು ಊಟ, ಇಡೀ ಮಹಡಿಗೆ ಒಂದೇ ಬಾತ್‌ರೂಮ್. ಇಂಥ ಪಿಜಿಗಳನ್ನು ಗಮನದಲ್ಲಿಟ್ಟು ಬರೆದ ವಿಮರ್ಶೆ ಇದು. ಯಾವುದೋ ಒಂದು ಕಟ್ಟಡದ ಮೇಲಿನ ಸಿಟ್ಟು ತೀರಿಸಿಕೊಳ್ಳುವುದಲ್ಲ.

ಮೊದಲು ಕಾಲೇಜು ಹಾಸ್ಟೆಲ್ ವಿಷಯ ಮುಗಿಸೋಣ. ಸೀಟು ಸಿಕ್ಕರೆ ಹೆಚ್ಚಿನವರಿಗೆ ಅದೇ ಅಗ್ಗ. ತೊಂದರೆ ಏನೆಂದರೆ, ಹಾಸ್ಟೆಲ್ ಪಟ್ಟಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಅಡ್ಮಿಷನ್ ರದ್ದು ಮಾಡಿಕೊಂಡವರ ಜಾಗಗಳು ತರಗತಿ ಶುರುವಾದ ಮೇಲೂ ಖಾಲಿಯಾಗುತ್ತಿರುತ್ತವೆ. ಆದ್ದರಿಂದ ಹಾಸ್ಟೆಲ್ ಅರ್ಜಿ ಬಾಕಿ ಇರುವಾಗ ಪಿಜಿಯವರ ಹತ್ತಿರ ಆರು ತಿಂಗಳ ಲಾಕ್-ಇನ್‌ಗೆ ಒಪ್ಪಿಕೊಳ್ಳಬೇಡಿ. ಮೊದಲ ತಿಂಗಳು ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ, ಲಾಕ್-ಇನ್ ಇಲ್ಲದ ಬೆಡ್ ಹಿಡಿಯಿರಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ತರಗತಿ ಶುರುವಾಗುವ ವಾರದಲ್ಲಿ ಬೆಡ್‌ಗೆ ನೂಕುನುಗ್ಗಲು, ಆಗ ಓನರ್ ಹೇಳಿದ್ದೇ ರೇಟು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಹೊಂದಿಕೆಯಾಗದವರು ಬಿಟ್ಟು ಹೋಗಿರುತ್ತಾರೆ, ಖಾಲಿ ಬೆಡ್ ತುಂಬಿಸಲು ಓನರ್‌ಗಳೇ ಫೋನ್ ಮಾಡುತ್ತಾರೆ. ನಿಜವಾದ ಆಯ್ಕೆ ಸಿಗುವುದು ಆಗಲೇ.

ಇನ್ನು ದುಡ್ಡಿನ ಮಾತು. ಎಲ್ಲರೂ ಹೋಲಿಸುವುದು ತಿಂಗಳ ಬಾಡಿಗೆಯನ್ನು. ಆದರೆ ಜೇಬಿಗೆ ಕತ್ತರಿ ಬೀಳುವುದು ನೋಟಿಸ್, ರಜೆ ಮತ್ತು ಅಡ್ವಾನ್ಸ್ ಕಡಿತದಲ್ಲಿ. ಲೆಕ್ಕ ಸುಲಭವಾಗಲಿ ಎಂದು ಮೊದಲ ಪಿಜಿಯ ಬಾಡಿಗೆ ತಿಂಗಳಿಗೆ 100, ಎರಡನೆಯದರದ್ದು 112 ಎಂದಿಟ್ಟುಕೊಳ್ಳಿ.

ಮೊದಲನೆಯದರಲ್ಲಿ ಕರೆಂಟ್ ಬೇರೆ, ತಲೆಗೆ ತಿಂಗಳಿಗೆ 6ರಷ್ಟು ಬೀಳುತ್ತದೆ. ರಜೆಯಲ್ಲಿ ಊರಿಗೆ ಹೋದರೂ ಪೂರ್ತಿ ಬಾಡಿಗೆ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ನೋಟಿಸ್ ಒಂದು ತಿಂಗಳು, ಅದೂ ಮುಂದಿನ ತಿಂಗಳ 1ನೇ ತಾರೀಕಿನಿಂದ ಲೆಕ್ಕ. ಎರಡನೆಯದರಲ್ಲಿ ಕರೆಂಟ್ ಬಾಡಿಗೆಯಲ್ಲೇ ಸೇರಿದೆ, ಪೂರ್ತಿ ತಿಂಗಳು ರಜೆಯಲ್ಲಿದ್ದರೆ ಅರ್ಧ ಬಾಡಿಗೆ, ಕ್ಲೀನಿಂಗಿಗೆ 10 ಮುರಿದುಕೊಳ್ಳುತ್ತಾರೆ, 15 ದಿನದ ನೋಟಿಸ್ ಯಾವ ದಿನ ಬೇಕಾದರೂ ಕೊಡಬಹುದು.

ವಿದ್ಯಾರ್ಥಿ ಇರುವುದು ಒಂಬತ್ತು ತಿಂಗಳು ಹತ್ತು ದಿನ, ಅದರಲ್ಲಿ ಒಂದು ತಿಂಗಳು ರಜೆ. ಹತ್ತನೇ ತಿಂಗಳ 10ಕ್ಕೆ ಪರೀಕ್ಷೆ ಮುಗಿದು ರೂಮ್ ಬಿಡುತ್ತಾರೆ. ಮೊದಲ ಪಿಜಿಯಲ್ಲಿ ಹತ್ತು ತಿಂಗಳ ಬಾಡಿಗೆ 1000, ಸುಣ್ಣಬಣ್ಣ 100, ಎಂಟು ತಿಂಗಳು ಹತ್ತು ದಿನದ ಕರೆಂಟ್ ಸುಮಾರು 50. ಒಟ್ಟು 1150. ಎರಡನೆಯದರಲ್ಲಿ ಎಂಟು ತಿಂಗಳಿಗೆ 896, ರಜೆಯ ತಿಂಗಳಿಗೆ 56, ಕೊನೆಯ ಹತ್ತು ದಿನಕ್ಕೆ 37, ಕ್ಲೀನಿಂಗ್ 10. ಒಟ್ಟು 999. ಬೋರ್ಡಿನ ಮೇಲೆ ದುಬಾರಿಯಾಗಿ ಕಂಡದ್ದು ಕೈಯಿಂದ ಖರ್ಚಾಗುವಾಗ ಅಗ್ಗವಾಯಿತು.

ಇದೂ ಎಲ್ಲ ಸರಿಯಾಗಿ ನಡೆದರೆ ಮಾತ್ರ. ಮೊದಲ ಪಿಜಿಯಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿ ನೋಟಿಸ್ ಒಂಬತ್ತನೇ ತಿಂಗಳಲ್ಲಿ ಕೊಡಲು ಮರೆತು ಹತ್ತನೆಯದರ 2ಕ್ಕೆ ಕೊಟ್ಟಿರಿ ಅನ್ನಿ. ಲೆಕ್ಕ ಶುರುವಾಗುವುದು ಹನ್ನೊಂದರ 1ರಿಂದ, ಇಲ್ಲದ ತಿಂಗಳಿಗೂ ಇನ್ನೊಂದು 100. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ನೋಟಿಸ್ ಎಷ್ಟು ದಿನ’ ಅಲ್ಲ, ‘ಯಾವ ದಿನದಿಂದ ಲೆಕ್ಕ’. ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ‘ಅಣ್ಣಾ, ಬೆಳಿಗ್ಗೆ ಹೇಳಿದ್ರಲ್ಲ, ನೋಟಿಸ್ ಕೊಟ್ಟ ದಿನದಿಂದ 15 ದಿನ, ಅಡ್ವಾನ್ಸಲ್ಲಿ ಕ್ಲೀನಿಂಗ್ ಮಾತ್ರ ಕಟ್, ಅಷ್ಟೇ ಅಲ್ವಾ?’ ಎಂದು ನೀವೇ ಕಳಿಸಿ. ‘ಹೂಂ’ ಎಂದು ಬಂದರೂ ಸಾಕು. ಟೋಕನ್ ಅಡ್ವಾನ್ಸ್ ಅದಾದ ಮೇಲೆ.

ರೂಮ್ ನೋಡಲು ಎಲ್ಲರೂ ಹೋಗುವುದು ಮಧ್ಯಾಹ್ನ. ಆ ಹೊತ್ತಿಗೆ ಯಾರೂ ಸ್ನಾನ ಮಾಡುತ್ತಿರುವುದಿಲ್ಲ, ಟ್ಯಾಂಕ್ ತುಂಬಿರುತ್ತದೆ, ನಲ್ಲಿ ಜೋರಾಗಿ ಬರುತ್ತದೆ. ಬೆಳಿಗ್ಗೆ ಏಳೂವರೆಗೆ ಹೋಗಿ. 10 ಲೀಟರ್ ಬಕೆಟ್ ತುಂಬಲು ಒಂದು ನಿಮಿಷ ಹಿಡಿದರೆ ಚೆನ್ನ, ಎರಡು ನಿಮಿಷವಾದರೆ ಸುಧಾರಿಸಬಹುದು, ಮೂರು ದಾಟಿದರೆ ಬಾತ್‌ರೂಮ್ ಮುಂದೆ ದಿನಾ ಜಗಳ. ಮೇಲಿನ ಮಹಡಿಯಲ್ಲಿ ಒತ್ತಡ ಕಡಿಮೆ ಇರುವುದು ಸಹಜ, ಏಕೆಂದರೆ ಟ್ಯಾಂಕ್ ನಲ್ಲಿಗಿಂತ ಸ್ವಲ್ಪವೇ ಎತ್ತರದಲ್ಲಿರುತ್ತದೆ. ಗಾಳಿ ಬೆಳಕು ನೋಡಿ ಕೊನೆಯ ಮಹಡಿ ಹಿಡಿಯುವವರು ಇದೊಂದನ್ನು ನೋಡಿಕೊಳ್ಳಿ.

‘24 ಗಂಟೆ ಬಿಸಿನೀರು’ ಎಂಬ ಬೋರ್ಡ್ ನಂಬುವ ಮೊದಲು ಗೀಸರ್ ಮೇಲಿನ ಚೀಟಿ ಓದಿ. ಸಾಮಾನ್ಯವಾಗಿ 15 ಲೀಟರ್, 2 ಕಿಲೋವ್ಯಾಟ್ ಎಂದಿರುತ್ತದೆ. 25 ಡಿಗ್ರಿಯ ನೀರನ್ನು 60ಕ್ಕೆ ತರಲು ಅದಕ್ಕೆ ಸುಮಾರು 20 ನಿಮಿಷ ಬೇಕು. ತಣ್ಣೀರು ಬೆರೆಸಿದಾಗ ಸ್ನಾನಕ್ಕೆ ಹದವಾದ 35 ಲೀಟರ್, ಅಂದರೆ ಎರಡು ದೊಡ್ಡ ಬಕೆಟ್. ಅಲ್ಲಿಗೆ ಹತ್ತು ನಿಮಿಷಕ್ಕೊಂದು ಬಕೆಟ್. ಬೆಳಿಗ್ಗೆ 6ರಿಂದ 8ರವರೆಗೆ ಮಾತ್ರ ಗೀಸರ್ ಹಾಕುವ ಕಡೆ ಆ ಬಾತ್‌ರೂಮಿನಿಂದ ಹನ್ನೆರಡು ಬಕೆಟ್ ಬರಬಹುದು, ಅದಕ್ಕಿಂತ ಹೆಚ್ಚಿಲ್ಲ. ಚಳಿಗಾಲದಲ್ಲಿ ನೀರು ಮೊದಲೇ ತಣ್ಣಗಿರುವುದರಿಂದ ಅಷ್ಟೂ ಬರುವುದಿಲ್ಲ. ಒಬ್ಬರು ಶವರ್ ಬಿಟ್ಟು ನಿಂತರೆ ಇಬ್ಬರ ಪಾಲು ಹೋಯಿತು. ಮಹಡಿಯಲ್ಲಿ ಎಷ್ಟು ಬೆಡ್ ಇವೆ ಎಂದು ಎಣಿಸಿ, ಈ ಹನ್ನೆರಡರ ಪಕ್ಕ ಇಟ್ಟು ನೋಡಿ.

ಕರೆಂಟಿಗೆ ಸಬ್‌ಮೀಟರ್ ಇದ್ದರೆ ಒಳ್ಳೆಯದೇ, ಆದರೆ ಅದರ ಹಿಂದೆ ಯಾರ್‍ಯಾರ ವೈರ್ ಇದೆ ಎಂದು ಪರೀಕ್ಷಿಸಬೇಕು. ಮೀಟರ್ ಮೇಲೆ ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ `3200 imp/kWh` ಎಂದೋ `1600 imp/kWh` ಎಂದೋ ಬರೆದಿರುತ್ತದೆ. ಅಂದರೆ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ರೂಮಿನ ಎಲ್ಲ ಸ್ವಿಚ್ ಆಫ್ ಮಾಡಿ, ಚಾರ್ಜರ್‌ಗಳನ್ನೂ ಕಿತ್ತು, ಒಂದೆರಡು ನಿಮಿಷ ನೋಡುತ್ತ ನಿಲ್ಲಿ. ದೀಪ ಆಗಲೂ ಮಿನುಗುತ್ತಿದ್ದರೆ ಕಾರಿಡಾರ್ ಲೈಟೋ ಪಕ್ಕದ ರೂಮೋ ನಿಮ್ಮ ಲೆಕ್ಕದಲ್ಲಿ ಓಡುತ್ತಿದೆ. ಈಗ ಫ್ಯಾನ್ ಒಂದನ್ನೇ ಜೋರಾಗಿ ಹಾಕಿ. 75 ವ್ಯಾಟ್ ಫ್ಯಾನಿಗೆ 3200ರ ಮೀಟರ್ ನಿಮಿಷಕ್ಕೆ ನಾಲ್ಕು ಸಲ ಮಿನುಗಬೇಕು, 1600ರದ್ದಾದರೆ ಎರಡು. ಹತ್ತು ಹನ್ನೆರಡು ಸಲ ಮಿನುಗಿದರೆ ಏನೋ ಎಡವಟ್ಟಿದೆ. ಓನರ್‌ಗಳು ಇದನ್ನು ಬೇಕೆಂದೇ ಮಾಡಿರುತ್ತಾರೆ ಎಂದೇನಿಲ್ಲ. ಒಂದು ದೊಡ್ಡ ಮನೆಯನ್ನು ಪ್ಲೈವುಡ್ ಗೋಡೆ ಹಾಕಿ ರೂಮುಗಳಾಗಿ ಮಾಡಿದಾಗ ಹಳೆಯ ವೈರಿಂಗ್ ಹಾಗೇ ಉಳಿದಿರುತ್ತದೆ. ತೋರಿಸಿದರೆ ಕೆಲವರು ಸರಿ ಮಾಡಿಸುತ್ತಾರೆ. ಮಾಡಿಸದಿದ್ದರೆ ಕರೆಂಟ್ ಸೇರಿಸಿ ಒಂದೇ ಬಾಡಿಗೆ ಎಂದು ಮಾತಾಡಿಕೊಳ್ಳಿ.

ತಿಗಣೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಕೇಳಿದರೆ ‘ನಮ್ಮಲ್ಲಿ ಅದೆಲ್ಲ ಇಲ್ಲ’. ಮೊಬೈಲ್ ಟಾರ್ಚ್ ಹಿಡಿದು ನೀವೇ ನೋಡಿ. ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿಂದ ಬಿಡಿಸಿದರೆ ಪೆನ್ನಿನ ಮಸಿ ಇಟ್ಟಂಥ ಕಪ್ಪು ಚುಕ್ಕೆಗಳು ಕಾಣಬಹುದು, ಅದು ಅವುಗಳ ಹಿಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದು ಬಣ್ಣ ಹರಡುತ್ತದೆ. ಕಬ್ಬಿಣದ ಮಂಚವಾದರೆ ಬೋಲ್ಟ್ ಹಾಕುವ ತೂತು ಮತ್ತು ಟೊಳ್ಳು ಕೊಳವೆಯ ಬಾಯಿ, ಮರದ್ದಾದರೆ ತಲೆಭಾಗದ ಸಂದು. ತಿಳಿ ಕಂದು ಬಣ್ಣದ ತೆಳು ಪೊರೆ ಸಿಕ್ಕರೆ ಅದು ಮರಿಗಳು ಕಳಚಿದ ಚರ್ಮ. ‘ರಜೆಯಲ್ಲಿ ರೂಮ್ ಖಾಲಿ ಇತ್ತು, ಎಲ್ಲ ಸತ್ತಿರುತ್ತವೆ’ ಎಂಬ ಮಾತಿಗೆ ಬೆಲೆ ಇಲ್ಲ. ದೊಡ್ಡ ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಔಷಧಿ ಹೊಡೆಸಿದ್ದೇವೆ ಎಂದರೆ ಎಷ್ಟು ಸಲ ಎಂದು ಕೇಳಿ. ಒಂದೇ ಸಲ ಹೊಡೆದರೆ ಮೊಟ್ಟೆಗಳು ಉಳಿದು ಒಂದೆರಡು ವಾರದಲ್ಲಿ ಒಡೆಯುತ್ತವೆ, ಅದಕ್ಕೇ ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು, ಅದೂ ಅಕ್ಕಪಕ್ಕದ ರೂಮುಗಳಿಗೂ ಸೇರಿಸಿ. ಕಟ್ಟಡ ಎಷ್ಟೇ ಚೆಂದವಿರಲಿ, ಹಾಸಿಗೆಯಲ್ಲಿ ಚುಕ್ಕೆ ಕಂಡರೆ ಆ ಪಿಜಿ ಬೇಡ. ಅಲ್ಲಿಂದ ಬಿಟ್ಟು ಹೋಗುವಾಗ ಬ್ಯಾಗಿನಲ್ಲಿ ಅವೂ ಜೊತೆಗೆ ಬರುತ್ತವೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಾಲಿಗೆ ಒಬ್ಬೊಬ್ಬರದು ಒಂದೊಂದು ಥರ. ಗೋಡೆಗೆ ಅಂಟಿಸಿದ ಮೆನು ಮಾತ್ರ ಓದಬೇಡಿ. ರಾತ್ರಿ ಊಟದ ಕೊನೆಯ ಅರ್ಧ ಗಂಟೆಯಲ್ಲಿ ಹೋಗಿ ಪಾತ್ರೆಯಲ್ಲಿ ಏನು ಉಳಿದಿದೆ ನೋಡಿ. ಲ್ಯಾಬ್ ಮುಗಿಸಿ ತಡವಾಗಿ ಬರುವವರಿಗೆ ಸಿಗುವುದು ಅದೇ. ಹಾಗೆಯೇ ಆ ಹೊತ್ತಿನಲ್ಲಿ ಲೈಬ್ರರಿಯಿಂದ ಪಿಜಿವರೆಗೆ ಒಮ್ಮೆ ನಡೆದು ಬನ್ನಿ. ಮ್ಯಾಪ್ ತೋರಿಸುವ ‘8 ನಿಮಿಷ’ ಹಿಂದಿನ ಗೇಟಿನ ಲೆಕ್ಕವಾಗಿದ್ದು, ಆ ಗೇಟು ಸಂಜೆಯೇ ಮುಚ್ಚುವುದಾದರೆ ಸುತ್ತಿ ಬರಬೇಕು.

ಸೇರುವ ದಿನ ಸಾಮಾನು ಇಳಿಸುವ ಮೊದಲು ಒಂದೇ ವೀಡಿಯೊ ಮಾಡಿ: ನಾಲ್ಕೂ ಗೋಡೆ, ಕಿಟಕಿ ಗಾಜು, ಬೀರುವಿನ ಬೀಗ, ಹಾಸಿಗೆಯ ಎರಡೂ ಬದಿ, ಕೊನೆಗೆ ಮೀಟರ್ ರೀಡಿಂಗ್. ಅವತ್ತೇ ಓನರ್ ನಂಬರಿಗೆ ಕಳಿಸಿ, ತಾರೀಕು ಅದರಲ್ಲೇ ದಾಖಲಾಗುತ್ತದೆ. ಬಿಡುವ ದಿನ ಇದೇ ಕ್ರಮದಲ್ಲಿ ಇನ್ನೊಂದು ವೀಡಿಯೊ, ಬೀಗದ ಕೈ ಕೊಡುವ ಮುಂಚೆ. ಅಡ್ವಾನ್ಸ್ ‘ಮುಂದಿನ ವಾರ ಹಾಕ್ತೀನಿ’ ಎಂದರೆ ತಾರೀಕು ಮತ್ತು ಮೊತ್ತವನ್ನು ಮೆಸೇಜಿನಲ್ಲಿ ಹೇಳಿಸಿಕೊಂಡು ಆಮೇಲೆ ಕೀ ಕೊಡಿ.